ವಿದೇಶದಲ್ಲಿ ಎಂಬಿಬಿಎಸ್ ಓದಿ ಬಂದವರು ಇಲ್ಲಿ ವೈದ್ಯರಾಗಿ ನೋಂದಣಿ ಪಡೆಯುವುದು ಹೇಗೆ: ಎಫ್‌ಎಂಜಿಇ, ಹತ್ತು ವರ್ಷದ ಗಡುವು, ಎರಡು ಇಂಟರ್ನ್‌ಶಿಪ್

ವಿದೇಶದ ಮೆಡಿಕಲ್ ಡಿಗ್ರಿ ಹಿಡಿದು ಬಂದವರ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ ಇರುತ್ತದೆ: ಎಫ್‌ಎಂಜಿಇ ಪಾಸಾಯಿತೇ? ವಿದೇಶಿ ವೈದ್ಯಕೀಯ ಪದವೀಧರರು ಇಲ್ಲಿ ನೋಂದಣಿಗೆ ಮೊದಲು ಪಾಸಾಗಬೇಕಾದ ಈ ಅರ್ಹತಾ ಪರೀಕ್ಷೆ ಕಷ್ಟದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಪರೀಕ್ಷೆಯನ್ನು ಎರಡನೇ ಸಲವೋ ಐದನೇ ಸಲವೋ ಬರೆದು ಗೆಲ್ಲಬಹುದು. ಕೋರ್ಸಿನ ಅವಧಿ, ಇಂಟರ್ನ್‌ಶಿಪ್ ಮಾಡಿದ ಜಾಗ, ಆ ದೇಶದ ಲೈಸೆನ್ಸ್, ಈ ಮೂರರಲ್ಲಿ ಆದ ತಪ್ಪನ್ನು ಮಾತ್ರ ಊರಿಗೆ ಬಂದ ಮೇಲೆ ಸರಿಪಡಿಸುವುದು ಬಹಳ ಕಷ್ಟ, ಕೆಲವೊಮ್ಮೆ ಅಸಾಧ್ಯ. ಹಾಗಾಗಿ ಈ ಬರಹ ಶುರುವಾಗುವುದು ಪರೀಕ್ಷೆಯಿಂದಲ್ಲ, ಕಾಲೇಜಿಗೆ ಸೇರಿದ ತಾರೀಖಿನಿಂದ.

ಮೊದಲು ನೋಡಬೇಕಾದದ್ದು: ನೀವು ಸೇರಿದ ದಿನ

ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ವಿದೇಶಿ ಪದವೀಧರರಿಗಾಗಿ ಹೊರಡಿಸಿದ ಲೈಸೆನ್ಷಿಯೇಟ್ ನಿಯಮಗಳು ಜಾರಿಗೆ ಬಂದದ್ದು 2021ರ ನವೆಂಬರ್ 18ರಂದು. ಆ ದಿನಕ್ಕೆ ಮುಂಚೆಯೇ ಡಿಗ್ರಿ ಪಡೆದಿದ್ದವರಿಗೂ, ಆಗಲೇ ವಿದೇಶದಲ್ಲಿ ಓದುತ್ತಿದ್ದವರಿಗೂ ಇವು ಅನ್ವಯಿಸುವುದಿಲ್ಲ. ಅವರದ್ದು 2002ರ ಸ್ಕ್ರೀನಿಂಗ್ ಟೆಸ್ಟ್ ನಿಯಮಗಳ ಹಳೆಯ ದಾರಿ. ನವೆಂಬರ್ 18ರ ನಂತರ ಸೇರಿದವರೆಲ್ಲ ಹೊಸ ನಿಯಮಗಳಿಗೆ ಒಳಪಡುತ್ತಾರೆ.

ಇಲ್ಲಿ ಬಹಳ ಜನ ಎಡವುವುದು ಸೀನಿಯರ್‌ಗಳ ಮಾತು ಕೇಳಿ. ಅದೇ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ಸೇರಿದವರು ಊರಿಗೆ ಬಂದು ಇಂಟರ್ನ್‌ಶಿಪ್ ಮುಗಿಸಿ ರಿಜಿಸ್ಟ್ರೇಷನ್ ಪಡೆದಿರಬಹುದು. ಅವರು ಹೇಳುವುದು ಸುಳ್ಳಲ್ಲ, ಆದರೆ ಅದು ಅವರ ಬ್ಯಾಚಿಗೆ ಸಲ್ಲುವ ಮಾತು. 2022ರಲ್ಲಿ ಸೇರಿದವರ ಲೆಕ್ಕ ಬೇರೆ.

ಸೇರಿದ ದಿನವನ್ನು ತೋರಿಸುವ ಅಡ್ಮಿಷನ್ ಲೆಟರ್, ಮೊದಲ ವೀಸಾ, ಪಾಸ್‌ಪೋರ್ಟಿನಲ್ಲಿ ಮೊದಲ ಪ್ರವೇಶದ ಮುದ್ರೆ, ಈ ಮೂರನ್ನೂ ಜೋಪಾನ ಮಾಡಿ. ಪಾಸ್‌ಪೋರ್ಟ್ ನವೀಕರಿಸಿದಾಗ ಹಳೆಯದನ್ನು ಎಸೆಯಬಾರದು. ತರಗತಿ ನಡೆದ ತಿಂಗಳುಗಳಲ್ಲಿ ನೀವು ನಿಜಕ್ಕೂ ಆ ದೇಶದಲ್ಲಿದ್ದಿರಾ ಎಂಬುದನ್ನು ಈ ಮುದ್ರೆಗಳೇ ಹೇಳುತ್ತವೆ.

ನೀಟ್ ವಿಷಯವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ವಿದೇಶಕ್ಕೆ ಹೋಗುವ ಮುನ್ನ ನೀಟ್ ಅರ್ಹತೆ ಕಡ್ಡಾಯ, ಮತ್ತು ಆ ಫಲಿತಾಂಶವೇ ಅರ್ಹತಾ ಪ್ರಮಾಣಪತ್ರ ಎಂದು ಪರಿಗಣನೆಯಾಗುತ್ತದೆ. ಭಾರತದೊಳಗಿನ ಪ್ರವೇಶಕ್ಕೆ ನೀಟ್ ಅಂಕ ಆ ವರ್ಷಕ್ಕಷ್ಟೇ. ವಿದೇಶದ ಪ್ರವೇಶಕ್ಕೆ ಫಲಿತಾಂಶ ಪ್ರಕಟವಾದ ದಿನದಿಂದ 3 ವರ್ಷ ಮಾನ್ಯ. 2022ರ ನೀಟ್ ಫಲಿತಾಂಶ ಬಂದದ್ದು ಸೆಪ್ಟೆಂಬರ್ 7ರಂದು. ಆ ಅಂಕಪಟ್ಟಿ ಹಿಡಿದು 2025ರ ಸೆಪ್ಟೆಂಬರ್ ಮೊದಲ ವಾರದೊಳಗೆ ಸೇರಿರಬೇಕಿತ್ತು. ಮೊದಲು ಸೇರಿ, ನಂತರ ನೀಟ್ ಬರೆದು ಸರಿಮಾಡಿಕೊಳ್ಳಬಹುದು ಎಂದು ಏಜೆಂಟರು ಹೇಳಿದರೆ ನಂಬಬೇಡಿ. ನೀಟ್ ಅರ್ಹತೆ ಪ್ರವೇಶಕ್ಕಿಂತ ಮುಂಚಿನದಾಗಿರಬೇಕು.

54 ತಿಂಗಳು ಮತ್ತು 12 ತಿಂಗಳು: ಇವೆರಡನ್ನೂ ಬೆರೆಸಬೇಡಿ

ಹೊಸ ನಿಯಮದ ಪ್ರಕಾರ ವಿದೇಶದ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು. ಇದಲ್ಲದೆ, ಅದೇ ವಿದೇಶಿ ಸಂಸ್ಥೆಯಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್ ಮಾಡಿರಬೇಕು. ಕಲಿಕೆಯ ಮಾಧ್ಯಮ ಇಂಗ್ಲಿಷ್ ಆಗಿರಬೇಕು, ಮತ್ತು ನಿಯಮಗಳ ಮೊದಲ ಅನುಬಂಧದಲ್ಲಿ ಪಟ್ಟಿ ಮಾಡಿರುವ ವಿಷಯಗಳನ್ನೆಲ್ಲ ಓದಿರಬೇಕು.

54 ತಿಂಗಳೊಳಗೆ ಇಂಟರ್ನ್‌ಶಿಪ್ ಸೇರುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಮಾತು. ಕರಪತ್ರದಲ್ಲಿ ‘ಐದು ವರ್ಷದ ಕೋರ್ಸ್, ಇಂಟರ್ನ್‌ಶಿಪ್ ಸೇರಿ’ ಎಂದಿದ್ದರೆ ಪಾಠ ನಡೆಯುವುದು 48 ತಿಂಗಳು ಮಾತ್ರ. 6 ತಿಂಗಳು ಕೊರತೆ. ಫಿಲಿಪ್ಪೀನ್ಸಿನಲ್ಲಿ ಬಿಎಸ್ ಓದಿ ನಂತರ ಅಲ್ಲಿನ ಮೂಲ ವೈದ್ಯಕೀಯ ಪದವಿಯಾದ 4 ವರ್ಷದ ಎಂಡಿ ಸೇರುವ ಹಳೆಯ ಮಾದರಿಗೆ ತೊಡಕಾದದ್ದೂ ಇದೇ ಕಾರಣಕ್ಕೆ. ಬಿಎಸ್ ಎಂಬುದು ವೈದ್ಯಕೀಯ ಪದವಿಯಲ್ಲ, ಅದರ ತಿಂಗಳುಗಳು 54ರ ಲೆಕ್ಕಕ್ಕೆ ಬರುವುದಿಲ್ಲ.

ಎರಡನೇ ಮಾತು ಜಾಗದ್ದು. ಇಡೀ ಕೋರ್ಸು, ತರಬೇತಿ, ಇಂಟರ್ನ್‌ಶಿಪ್ ಎಲ್ಲವೂ ಅದೇ ಸಂಸ್ಥೆಯಲ್ಲಿ, ಭಾರತದ ಹೊರಗೆ ಆಗಬೇಕು. ಒಂದು ಭಾಗವನ್ನೂ ಭಾರತದಲ್ಲಿ ಮಾಡುವಂತಿಲ್ಲ, ಡಿಗ್ರಿ ಕೊಡುವ ದೇಶವನ್ನು ಬಿಟ್ಟು ಮೂರನೇ ದೇಶದಲ್ಲೂ ಮಾಡುವಂತಿಲ್ಲ. ಎರಡು ವರ್ಷ ಒಂದು ದ್ವೀಪದಲ್ಲಿ ಪಾಠ, ಮುಂದಿನ ಕ್ಲಿನಿಕಲ್ ರೊಟೇಷನ್ ಅಮೆರಿಕದಲ್ಲಿ ಎಂಬ ಕೆರಿಬಿಯನ್ ಮಾದರಿಯ ಕೋರ್ಸುಗಳು ಇಲ್ಲಿಗೆ ಹೊಂದದಿರುವುದು ಇದರಿಂದ. ಕೊನೆಯ ವರ್ಷ ಊರಿನ ಹತ್ತಿರದ ಆಸ್ಪತ್ರೆಯಲ್ಲೇ ಮುಗಿಸಬಹುದು, ಸರ್ಟಿಫಿಕೇಟ್ ವಿಶ್ವವಿದ್ಯಾಲಯದ್ದೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಅದು ನಿಮ್ಮ ನೋಂದಣಿಯ ಬುಡಕ್ಕೇ ಕೊಡಲಿ.

ಮೂರನೆಯದು ಲೈಸೆನ್ಸ್. ಡಿಗ್ರಿ ಕೊಟ್ಟ ದೇಶದಲ್ಲಿ, ಆ ದೇಶದ ಪ್ರಜೆಗೆ ಸಿಗುವ ಲೈಸೆನ್ಸಿಗೆ ಸಮನಾಗಿ ವೈದ್ಯವೃತ್ತಿ ನಡೆಸುವ ಅರ್ಹತೆ ನಿಮಗೂ ಇರಬೇಕು ಎನ್ನುತ್ತದೆ ನಿಯಮ. ಹಲವು ದೇಶಗಳಲ್ಲಿ ಡಿಗ್ರಿಯೇ ಲೈಸೆನ್ಸ್ ಅಲ್ಲ. ಅಲ್ಲಿನ ಪ್ರತ್ಯೇಕ ಪರೀಕ್ಷೆ ಇರುತ್ತದೆ, ಅದು ಸ್ಥಳೀಯ ಭಾಷೆಯಲ್ಲೂ ಇರಬಹುದು. ಸೇರುವ ಮುಂಚೆ ವಿಶ್ವವಿದ್ಯಾಲಯಕ್ಕೆ ಒಂದೇ ಪ್ರಶ್ನೆಯನ್ನು ಬರಹದಲ್ಲಿ ಕೇಳಿ: ನಿಮ್ಮ ಈ ಡಿಗ್ರಿ ಪಡೆದ ವಿದೇಶಿ ವಿದ್ಯಾರ್ಥಿ ನಿಮ್ಮ ದೇಶದ ವೈದ್ಯಕೀಯ ಪ್ರಾಧಿಕಾರದಲ್ಲಿ ನೋಂದಣಿ ಪಡೆಯಬಹುದೇ, ಅದಕ್ಕೆ ಇನ್ನೇನು ಮಾಡಬೇಕು? ‘ನಮ್ಮ ಕಾಲೇಜಿಗೆ ಎನ್‌ಎಂಸಿ ಅನುಮೋದನೆ ಇದೆ’ ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ.

ಪರೀಕ್ಷೆಯ ನಿಯಮಗಳು

ಎಫ್‌ಎಂಜಿಇ ನಡೆಸುವುದು ಎನ್‌ಬಿಇಎಂಎಸ್ ಎಂಬ ಮಂಡಳಿ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸೆಷನ್ ಎಂದು ಹೆಸರು. ಹೆಸರಿಗೂ ನಿಜವಾದ ಪರೀಕ್ಷೆಯ ದಿನಕ್ಕೂ ಕೆಲವು ವಾರಗಳ ಅಂತರ ಇರುವುದುಂಟು. 2024ರ ಡಿಸೆಂಬರ್ ಸೆಷನ್ ನಡೆದದ್ದು 2025ರ ಜನವರಿ 12ರಂದು.

ಒಂದೇ ದಿನ ಎರಡು ಭಾಗ, ಒಂದೊಂದರಲ್ಲಿ 150 ಪ್ರಶ್ನೆ, 150 ನಿಮಿಷ. ಒಟ್ಟು 300 ಪ್ರಶ್ನೆಗೆ 300 ಅಂಕ, ಪಾಸಾಗಲು 150. ಭಾಗವಾರು ಪಾಸಾಗಬೇಕೆಂಬ ನಿಯಮವಿಲ್ಲ, ಎರಡೂ ಸೇರಿ 150 ಆದರೆ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. 149 ಬಂದರೆ ಫೇಲ್. ಗ್ರೇಸ್ ಅಂಕ ಇಲ್ಲ, ಮರು ಮೌಲ್ಯಮಾಪನವೂ ಇಲ್ಲ.

ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಎಫ್‌ಎಂಜಿಇಯಲ್ಲಿ ಮಿತಿಯೇ ಇಲ್ಲ. ಹಿಂದಿನ ಸಲದ ಅಂಕ ಮುಂದಿನದಕ್ಕೆ ಸೇರುವುದಿಲ್ಲ, ಪ್ರತಿ ಸಲವೂ 300ಕ್ಕೆ ಹೊಸದಾಗಿ ಬರೆಯಬೇಕು. ಇದು ಅರ್ಹತಾ ಪರೀಕ್ಷೆ, ಸ್ಪರ್ಧೆಯಲ್ಲ. 151 ಬಂದವರಿಗೂ 230 ಬಂದವರಿಗೂ ಸಿಗುವುದು ಒಂದೇ ಪಾಸ್ ಸರ್ಟಿಫಿಕೇಟ್. ಈ ಅಂಕದಿಂದ ಪಿಜಿ ಸೀಟು ಸಿಗುವುದಿಲ್ಲ, ಅದಕ್ಕೆ ನೀಟ್ ಪಿಜಿ ಬೇರೆಯೇ ಬರೆಯಬೇಕು.

ಪ್ರಯತ್ನಕ್ಕೆ ಮಿತಿ ಇಲ್ಲ ಎಂದ ಮಾತ್ರಕ್ಕೆ ಕಾಲಕ್ಕೂ ಮಿತಿ ಇಲ್ಲವೆಂದಲ್ಲ. ಹೊಸ ನಿಯಮದ ವಿದ್ಯಾರ್ಥಿ ಕೋರ್ಸಿಗೆ ಸೇರಿದ ದಿನದಿಂದ 10 ವರ್ಷದೊಳಗೆ ಓದು, ತರಬೇತಿ, ಇಂಟರ್ನ್‌ಶಿಪ್ ಮುಗಿಸಬೇಕು. ಎಫ್‌ಎಂಜಿಇ ಬದಲಿಗೆ ಮುಂದೆ ಬರಲಿರುವ, ಎರಡು ಹಂತದ ನೆಕ್ಸ್ಟ್ ಪರೀಕ್ಷೆಗಾಗಿ 2023ರ ಜೂನ್‌ನಲ್ಲಿ ಹೊರಬಂದ ನಿಯಮಗಳಲ್ಲೂ ಇದೇ ಅಂಕಿ ಇದೆ: ಎಷ್ಟು ಸಲ ಬೇಕಾದರೂ ಬರೆಯಬಹುದು, ಆದರೆ ಸೇರಿದ 10 ವರ್ಷದೊಳಗೆ ಎರಡೂ ಹಂತ ಪಾಸಾಗಿರಬೇಕು. ಮೊದಲ ಹಂತದ ಅಂಕ ಪಿಜಿ ಪ್ರವೇಶಕ್ಕೆ 5 ವರ್ಷ ಮಾನ್ಯ ಎಂದೂ ಅದರಲ್ಲಿದೆ. ಅದೇ ವರ್ಷ ಜುಲೈನಲ್ಲಿ ನೆಕ್ಸ್ಟ್ ಮುಂದೂಡಿಕೆಯಾಗಿ ಎಫ್‌ಎಂಜಿಇ ಮುಂದುವರಿಯಿತು. ಯಾವ ಪರೀಕ್ಷೆ ಎದುರಾದರೂ ಹತ್ತು ವರ್ಷವನ್ನೇ ಹೊರಗಿನ ಗೆರೆ ಎಂದು ಇಟ್ಟುಕೊಂಡು ಯೋಜನೆ ಮಾಡಿದವರಿಗೆ ತೊಂದರೆಯಾಗದು.

ಅರ್ಜಿ ತಿರಸ್ಕಾರವಾಗುವುದು ಎಲ್ಲಿ

ಅರ್ಜಿ ಹಾಕಲು ಡಿಗ್ರಿಯ ಫಲಿತಾಂಶ ಒಂದು ನಿಗದಿತ ದಿನದೊಳಗೆ ಬಂದಿರಬೇಕು. ಸಾಮಾನ್ಯವಾಗಿ ಜೂನ್ ಸೆಷನ್‌ಗೆ ಏಪ್ರಿಲ್ 30, ಡಿಸೆಂಬರ್ ಸೆಷನ್‌ಗೆ ಅಕ್ಟೋಬರ್ 31. ಪ್ರತಿ ಸಲದ ಮಾಹಿತಿ ಪುಸ್ತಿಕೆಯಲ್ಲಿ ಆ ದಿನಾಂಕವನ್ನು ನೋಡಿಕೊಳ್ಳಿ. ಒಂದು ದಿನ ತಡವಾದರೂ ಆರು ತಿಂಗಳು ಹೋಯಿತು.

ಡಿಗ್ರಿ ಸರ್ಟಿಫಿಕೇಟಿಗೆ ಆ ದೇಶದ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಇಲ್ಲವೇ ಆ ದೇಶದ ಸರ್ಕಾರ ಕೊಡುವ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ ಬೇಕು. ವಿಮಾನ ಹತ್ತುವ ಮೊದಲೇ ಇದನ್ನು ಮಾಡಿಸಿಕೊಂಡು ಬನ್ನಿ. ಇಲ್ಲಿಂದ ಕಾಗದ ವಾಪಸ್ ಕಳಿಸಿ ಮಾಡಿಸುವುದು ತಿಂಗಳುಗಟ್ಟಲೆಯ ಕೆಲಸ. ಸರ್ಟಿಫಿಕೇಟ್ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ದೃಢೀಕೃತ ಅನುವಾದವೂ ಜೊತೆಗಿರಲಿ.

ನಮ್ಮ ಕಡೆಯವರಿಗೇ ಹೆಚ್ಚು ಕಾಡುವ ಇನ್ನೊಂದು ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಬರೀ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಬಿಡಿಸಿ ಬರೆದಿರುತ್ತದೆ. ವಿದೇಶದ ಡಿಗ್ರಿ ಪಾಸ್‌ಪೋರ್ಟನ್ನು ಅನುಸರಿಸುತ್ತದೆ, ನೀಟ್ ಅಂಕಪಟ್ಟಿ ಎಸ್‌ಎಸ್‌ಎಲ್‌ಸಿಯನ್ನು ಅನುಸರಿಸಿರುತ್ತದೆ. ಕಚೇರಿಯ ಕಣ್ಣಿಗೆ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ ಮೊದಲೇ ಇಟ್ಟುಕೊಳ್ಳಿ. ಇನ್ನೂ ಹೊರಡದವರಾದರೆ, ಹೋಗುವ ಮೊದಲೇ ಪಾಸ್‌ಪೋರ್ಟಿನ ಹೆಸರನ್ನು ಎಸ್‌ಎಸ್‌ಎಲ್‌ಸಿಗೆ ಹೊಂದಿಸುವುದು ಎಲ್ಲಕ್ಕಿಂತ ಸುಲಭ.

ಪಾಸಾದ ನಂತರ: ನೋಂದಣಿ ಮತ್ತು ಇಲ್ಲಿನ ಇಂಟರ್ನ್‌ಶಿಪ್

ಫಲಿತಾಂಶದ ಪಟ್ಟಿಯಲ್ಲಿ ನಂಬರ್ ಬಂದರೆ ಕೆಲಸ ಮುಗಿಯಲಿಲ್ಲ. ಎನ್‌ಬಿಇಎಂಎಸ್ ಮೂಲ ದಾಖಲೆಗಳನ್ನೂ ಅಭ್ಯರ್ಥಿಯ ಗುರುತನ್ನೂ ಪರಿಶೀಲಿಸಿ ಪಾಸ್ ಸರ್ಟಿಫಿಕೇಟ್ ಕೊಡುತ್ತದೆ. ಅದರೊಂದಿಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಅರ್ಜಿ ಹಾಕಿ ತಾತ್ಕಾಲಿಕ ನೋಂದಣಿ ಪಡೆಯಬೇಕು. ಇಂಟರ್ನ್‌ಶಿಪ್ ಶುರುವಾಗುವುದು ಅದಾದ ಮೇಲೆಯೇ.

ಕೌನ್ಸಿಲ್ ನಿಮ್ಮ ಪಾಸ್ ಸರ್ಟಿಫಿಕೇಟನ್ನು ಮಂಡಳಿಯಿಂದ ಖಚಿತಪಡಿಸಿಕೊಳ್ಳಲು ಸಮಯ ತೆಗೆದುಕೊಂಡರೆ ಬೇಸರಿಸಬೇಡಿ, ಅದಕ್ಕೆ ಕಾರಣವಿದೆ. 2022ರ ಡಿಸೆಂಬರಿನಲ್ಲಿ ಸಿಬಿಐ ದಾಖಲಿಸಿದ ಪ್ರಕರಣದಲ್ಲಿ, ಎಫ್‌ಎಂಜಿಇ ಪಾಸಾಗದೆಯೇ ನೋಂದಣಿ ಪಡೆದ ಆರೋಪ 73 ವಿದೇಶಿ ಪದವೀಧರರ ಮೇಲೆ ಬಂತು, ಅದರಲ್ಲಿ 14 ರಾಜ್ಯ ಕೌನ್ಸಿಲ್‌ಗಳ ಹೆಸರೂ ಇತ್ತು.

ಹಳೆಯ ನಿಯಮಕ್ಕೆ ಸೇರಿದವರು ಇಲ್ಲಿ ಇಂಟರ್ನ್‌ಶಿಪ್ ಮಾಡಬೇಕೇ ಎಂಬುದು ಅವರು ವಿದೇಶದಲ್ಲಿ ಮಾಡಿದ ಇಂಟರ್ನ್‌ಶಿಪ್ಪಿನ ಮೇಲೆ ನಿಂತಿದೆ. ಹೊಸ ನಿಯಮದವರಿಗೆ ಅಂಥ ಆಯ್ಕೆ ಇಲ್ಲ. ಅಲ್ಲಿ 12 ತಿಂಗಳು ಮಾಡಿದ್ದರೂ ಇಲ್ಲಿ ಮತ್ತೆ 12 ತಿಂಗಳು ಮಾಡಲೇಬೇಕು. ಕೋವಿಡ್ ಮತ್ತು ಉಕ್ರೇನ್ ಯುದ್ಧದ ಸಮಯದಲ್ಲಿ ಬಂದವರಿಗೆ ಬೇರೆ ಆದೇಶಗಳಿವೆ. 2022ರ ಜೂನ್ 30ರೊಳಗೆ ಡಿಗ್ರಿ ಪಡೆದ, ಕೊನೆಯ ವರ್ಷದಲ್ಲಿ ಊರಿಗೆ ಮರಳಬೇಕಾಗಿ ಬಂದ ವಿದ್ಯಾರ್ಥಿಗಳಿಗೆ ಎಫ್‌ಎಂಜಿಇ ಬರೆಯಲು ಅವಕಾಶ ಕೊಟ್ಟು, ತಪ್ಪಿಹೋದ ಕ್ಲಿನಿಕಲ್ ತರಬೇತಿಗೆ ಬದಲಾಗಿ 2 ವರ್ಷದ ಇಂಟರ್ನ್‌ಶಿಪ್ ಎಂದು ಎನ್‌ಎಂಸಿ ಹೇಳಿತು. ಆನ್‌ಲೈನ್ ತರಗತಿ ಕೇಳಿದ ಬ್ಯಾಚಿನವರು ಅದನ್ನು ಮುಖಾಮುಖಿ ತರಗತಿಯಿಂದ ಸರಿದೂಗಿಸಿದ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯದಿಂದ ತರಬೇಕು. ಆ ಕಾಗದದಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಸ್ಪಷ್ಟವಾಗಿರಲಿ, ಪಾಸ್‌ಪೋರ್ಟಿನ ಮುದ್ರೆಗಳು ಅದಕ್ಕೆ ತಾಳೆಯಾಗಲಿ. ತಾಳೆಯಾಗದ ಪ್ರಮಾಣಪತ್ರಕ್ಕಿಂತ ಕಾಗದವೇ ಇಲ್ಲದಿರುವುದು ವಾಸಿ ಎನ್ನುವಷ್ಟು ಅನುಮಾನ ಹುಟ್ಟುತ್ತದೆ.

ಎಲ್ಲಿ ಮಾಡಬೇಕು? ವಿದೇಶಿ ಪದವೀಧರರಿಗೆ ಕಾಲೇಜಿನ ಒಟ್ಟು ಸೀಟಿನ ಮೇಲೆ ಶೇ. 7.5ರಷ್ಟು ಇಂಟರ್ನ್‌ಶಿಪ್ ಜಾಗ ಎಂದು ಎನ್‌ಎಂಸಿ 2022ರಲ್ಲಿ ಮಿತಿ ಹಾಕಿತು. 150 ಸೀಟಿನ ಕಾಲೇಜಿನಲ್ಲಿ ಅದು 11 ಜಾಗ. ಪರಿಚಯದ ಆಸ್ಪತ್ರೆಯೊಂದಕ್ಕೆ ಹೋಗಿ ಸೇರಿಕೊಂಡರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಅನುಮತಿ ಇರುವ ಸಂಸ್ಥೆಗೆ ಕೌನ್ಸಿಲ್ ಮೂಲಕವೇ ಹೋಗಬೇಕು. ಇಂಟರ್ನ್‌ಶಿಪ್ ಕೊಡಲು ವಿದೇಶಿ ಪದವೀಧರರಿಂದ ಕಾಲೇಜು ಶುಲ್ಕ ಕೇಳುವಂತಿಲ್ಲ ಎಂಬುದೂ ಅದೇ ಆದೇಶದಲ್ಲಿದೆ.

2021ರ ಇಂಟರ್ನ್‌ಶಿಪ್ ನಿಯಮದಂತೆ ಸಮುದಾಯ ವೈದ್ಯಶಾಸ್ತ್ರಕ್ಕೆ 12 ವಾರ, ಪ್ರಸೂತಿ ಮತ್ತು ಸ್ತ್ರೀರೋಗಕ್ಕೆ 7, ಜನರಲ್ ಮೆಡಿಸಿನ್ ಮತ್ತು ಜನರಲ್ ಸರ್ಜರಿಗೆ 6 ವಾರ ತಲಾ, ಉಳಿದವು ಇತರ ವಿಭಾಗಗಳಿಗೆ. ವರ್ಷಕ್ಕೆ 15 ದಿನ ರಜೆ. ಅದಕ್ಕಿಂತ ಹೆಚ್ಚು ದಿನ ತಪ್ಪಿದರೆ ಅಷ್ಟು ದಿನ ಇಂಟರ್ನ್‌ಶಿಪ್ ಮುಂದೆ ಹೋಗುತ್ತದೆ. ಇದು ಸಣ್ಣ ವಿಷಯವೆನಿಸಬಹುದು, ಆದರೆ ನೀಟ್ ಪಿಜಿಗೆ ಇಂಟರ್ನ್‌ಶಿಪ್ ಮುಗಿದಿರಬೇಕಾದ ಕಡೆಯ ದಿನ ಪ್ರತಿ ವರ್ಷ ನಿಗದಿಯಾಗಿರುತ್ತದೆ. ಹತ್ತು ದಿನದ ಹೆಚ್ಚುವರಿ ರಜೆ ಒಂದು ವರ್ಷವನ್ನೇ ನುಂಗಬಲ್ಲದು. ಪ್ರತಿ ಪೋಸ್ಟಿಂಗ್ ಮುಗಿದ ದಿನವೇ ಲಾಗ್‌ಬುಕ್‌ಗೆ ಸಹಿ ಹಾಕಿಸಿಕೊಳ್ಳಿ. ಆರು ತಿಂಗಳ ನಂತರ ಹೋದರೆ ಆ ಯೂನಿಟ್ಟಿನ ವೈದ್ಯರು ವರ್ಗವಾಗಿ ಹೋಗಿರುತ್ತಾರೆ.

ಇಂಟರ್ನ್‌ಶಿಪ್ ಮುಗಿದ ಪ್ರಮಾಣಪತ್ರ ಕೊಟ್ಟ ಮೇಲೆ ಕೌನ್ಸಿಲ್ ಖಾಯಂ ನೋಂದಣಿ ಕೊಡುತ್ತದೆ. ಅಲ್ಲಿಯವರೆಗೆ ತಾತ್ಕಾಲಿಕ ನೋಂದಣಿ ಹಿಡಿದು ಕ್ಲಿನಿಕ್ಕಿನಲ್ಲೋ ನರ್ಸಿಂಗ್ ಹೋಮಿನಲ್ಲೋ ಸ್ವತಂತ್ರವಾಗಿ ರೋಗಿಗಳನ್ನು ನೋಡುವಂತಿಲ್ಲ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದರೆ ಎನ್‌ಎಂಸಿ ಕಾಯ್ದೆಯ 34ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ.

ಒಂದು ಲೆಕ್ಕ, ತಾರೀಖಿನ ಸಮೇತ

ಒಬ್ಬ ವಿದ್ಯಾರ್ಥಿನಿ 2022ರ ಅಕ್ಟೋಬರ್ 1ಕ್ಕೆ ವಿದೇಶಿ ಕಾಲೇಜಿಗೆ ಸೇರಿದಳು ಎಂದುಕೊಳ್ಳಿ. ಈಗಿರುವ ನಿಯಮದಂತೆ ಅವಳ ಹತ್ತು ವರ್ಷ ಮುಗಿಯುವುದು 2032ರ ಸೆಪ್ಟೆಂಬರ್ 30ಕ್ಕೆ. ಪಾಠ 5 ವರ್ಷ, ನಂತರ 1 ವರ್ಷ ಇಂಟರ್ನ್‌ಶಿಪ್, ಅದಾದ ಮೇಲೆ ಡಿಗ್ರಿ. ಎಲ್ಲ ಸರಿಯಾದರೆ 2028ರ ಸೆಪ್ಟೆಂಬರಿಗೆ ಮುಗಿಯಬೇಕು.

ನಡುವೆ ಒಂದು ವರ್ಷ ಫೇಲಾದಳು. ಪಾಠ ಮುಗಿದದ್ದು 2028ರ ಸೆಪ್ಟೆಂಬರ್ 30ಕ್ಕೆ. ಇಂಟರ್ನ್‌ಶಿಪ್ಪಿನ ಒಂಬತ್ತು ತಿಂಗಳು ಅಲ್ಲೇ ಮಾಡಿ, ಕೊನೆಯ ಮೂರು ತಿಂಗಳು ಏಜೆಂಟರ ಮಾತು ಕೇಳಿ ಊರಿನ ಆಸ್ಪತ್ರೆಯಲ್ಲಿ ಕಳೆದಳು. ಆ ಮೂರು ತಿಂಗಳು ಲೆಕ್ಕಕ್ಕೆ ಬಾರದು. 2029ರ ಅಕ್ಟೋಬರಿನಲ್ಲಿ ವಾಪಸ್ ಹೋಗಿ ಅದೇ ಸಂಸ್ಥೆಯಲ್ಲಿ ಮೂರು ತಿಂಗಳು ಮುಗಿಸಿದಳು. ಡಿಗ್ರಿ ಕೈಗೆ ಬಂದದ್ದು ಡಿಸೆಂಬರ್ 31ಕ್ಕೆ. ಅಕ್ಟೋಬರ್ 31ರ ಗಡುವು ತಪ್ಪಿದ್ದರಿಂದ ಡಿಸೆಂಬರ್ ಸೆಷನ್ ಹೋಯಿತು. ಮೂರು ತಿಂಗಳ ತಪ್ಪಿಗೆ ಆರು ತಿಂಗಳ ಬೆಲೆ.

2030ರ ಜೂನ್ ಸೆಷನ್‌ನಲ್ಲಿ ಅವಳಿಗೆ 141 ಅಂಕ. ಪ್ರೀ ಮತ್ತು ಪ್ಯಾರಾ ಕ್ಲಿನಿಕಲ್ ವಿಷಯಗಳ 100ಕ್ಕೆ 62, ಕ್ಲಿನಿಕಲ್ ವಿಷಯಗಳ 200ಕ್ಕೆ 79. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ತಲಾ 17 ಅಂಕ ಮಾತ್ರ, ಪ್ರಸೂತಿ ಮತ್ತು ಸ್ತ್ರೀರೋಗಕ್ಕೆ 30, ಸಮುದಾಯ ವೈದ್ಯಶಾಸ್ತ್ರಕ್ಕೆ 30. ಅವಳು ಮೊದಲ ವರ್ಷದ ವಿಷಯಗಳಿಗೇ ಹೆಚ್ಚು ಸಮಯ ಕೊಟ್ಟಿದ್ದಳು. ಸಮುದಾಯ ವೈದ್ಯಶಾಸ್ತ್ರದಲ್ಲಂತೂ ಭಾರತದ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳು, ಇಲ್ಲಿನ ಲಸಿಕೆ ವೇಳಾಪಟ್ಟಿ ಬರುತ್ತವೆ, ಇವನ್ನು ವಿದೇಶದಲ್ಲಿ ಕಲಿಸಿರುವುದಿಲ್ಲ. ಆ ಎರಡು ವಿಷಯಗಳನ್ನು ಗಟ್ಟಿಮಾಡಿಕೊಂಡು ಡಿಸೆಂಬರ್ ಸೆಷನ್‌ನಲ್ಲಿ 158 ತೆಗೆದು ಪಾಸಾದಳು.

ಪಾಸ್ ಸರ್ಟಿಫಿಕೇಟ್, ತಾತ್ಕಾಲಿಕ ನೋಂದಣಿ, ಜಾಗದ ಹಂಚಿಕೆ ಎಲ್ಲ ಮುಗಿದು ಇಂಟರ್ನ್‌ಶಿಪ್ ಶುರುವಾದದ್ದು 2031ರ ಏಪ್ರಿಲ್ 1ಕ್ಕೆ. ವರ್ಷದಲ್ಲಿ 24 ದಿನ ರಜೆ ಹಾಕಿದ್ದಳು, 15 ಕಳೆದು 9 ದಿನ ಹೆಚ್ಚು. ಮಾರ್ಚ್ 31ಕ್ಕೆ ಮುಗಿಯಬೇಕಿದ್ದದ್ದು 2032ರ ಏಪ್ರಿಲ್ 9ಕ್ಕೆ ಮುಗಿಯಿತು. ಹತ್ತು ವರ್ಷದ ಗೆರೆಗೆ ಉಳಿದದ್ದು ಆರು ತಿಂಗಳಿಗೂ ಕಡಿಮೆ. ಎರಡನೇ ಸಲವೂ ಫೇಲಾಗಿದ್ದರೆ ಇಂಟರ್ನ್‌ಶಿಪ್ ಆ ಗೆರೆಗೆ ತಾಗಿಯೇ ಮುಗಿಯುತ್ತಿತ್ತು, ಆಗ ಹೆಚ್ಚುವರಿ 9 ದಿನ ರಜೆಯೂ ಭಾರವಾಗುತ್ತಿತ್ತು.

ನಿಮ್ಮ ಸೇರಿದ ತಾರೀಖು ಬರೆದು ಅದರ ಮುಂದೆ ಹೀಗೇ ಸಾಲು ಹಾಕಿ: 54 ತಿಂಗಳು ತುಂಬುವ ದಿನ, ವಿದೇಶದ ಇಂಟರ್ನ್‌ಶಿಪ್ಪಿನ ಮೊದಲ ಮತ್ತು ಕೊನೆಯ ದಿನ, ಡಿಗ್ರಿ ಬರುವ ದಿನ, ಅದಕ್ಕೆ ಸಿಗುವ ಮೊದಲ ಎಫ್‌ಎಂಜಿಇ ಸೆಷನ್, ಎರಡನೆಯ ಸೆಷನ್, ಇಲ್ಲಿನ ಇಂಟರ್ನ್‌ಶಿಪ್ ಮುಗಿಯುವ ದಿನ, ಹತ್ತು ವರ್ಷದ ದಿನ. ಕೊನೆಯ ಎರಡರ ನಡುವೆ ಒಂದು ವರ್ಷಕ್ಕಿಂತ ಕಡಿಮೆ ಉಳಿದರೆ, ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲೇ ಆ ಹಾಳೆಯೊಂದಿಗೆ ಕಾಲೇಜಿನ ಡೀನ್ ಕಚೇರಿಗೆ ಹೋಗಿ, ಬಾಕಿ ಇರುವ ವಿಷಯಗಳ ಮರುಪರೀಕ್ಷೆಯ ದಿನಾಂಕವನ್ನು ಬರಹದಲ್ಲಿ ಪಡೆದುಕೊಳ್ಳಿ.